ಉಡಿಯಕ್ಕಿ ಯಾರ ಕೈಯಿಂದ?

ಉಡಿ ತುಂಬೋದು ಅಂದ್ರೆ ಏನು ಅಂತ ಬೆಂಗಳೂರಿನ ಗೆಳೆಯರಿಗೆ ಹೇಳಬೇಕಾದಾಗ ನಾನು ಸ್ವಲ್ಪ ತಡವರಿಸ್ತೀನಿ. ಮಡಿಲಕ್ಕಿ ಅಂದ್ರೆ ಮೈಸೂರು ಕಡೆಯವರಿಗೆ ಅರ್ಥ ಆಗುತ್ತೆ, ಆದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಉಡಿಗೆ ಇರೋ ತೂಕ ಆ ಮಾತಿನಲ್ಲಿ ಬರಲ್ಲ. ಸೀರೆಯ ಸೆರಗನ್ನು ಮುಂದೆ ಚಾಚಿ ಹೆಣ್ಣುಮಗಳು ಕೂತಿರ್ತಾಳೆ. ಅದರೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಎಲೆ, ಬಾಳೆಹಣ್ಣು, ಮೇಲೊಂದು ಕಣ ಹಾಕ್ತಾರೆ. ಮದುವೆಯಲ್ಲಿ, ಕುಬಸದಲ್ಲಿ, ತವರಿಗೆ ಬಂದು ಹೋಗುವಾಗ, ಜಾತ್ರೆಯಲ್ಲಿ ದೇವಿಗೆ. ಹೆಣ್ಣುಮಗಳನ್ನು ಮನೆಯಿಂದ ಬರಿ ಉಡಿಯಲ್ಲಿ ಕಳಿಸಬಾರದು ಅನ್ನೋದು ನಮ್ಮಲ್ಲಿ ಕಡುಬಡವರೂ ಮುರಿಯದ ನಿಯಮ. ಕೈಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳವಾದರೂ ಹಾಕ್ತಾರೆ.

ತುಂಬುವವರು ಐದು ಮಂದಿ ಮುತ್ತೈದೆಯರು. ತುಂಬಿಸಿಕೊಳ್ಳುವವಳೂ ಮುತ್ತೈದೆ, ಇಲ್ಲವೇ ಮುತ್ತೈದೆ ಆಗಬೇಕಾದ ಹುಡುಗಿ. ಗಂಡ ಸತ್ತ ಮೇಲೆ ಆ ಸೆರಗು ಯಾರ ಮುಂದೆಯೂ ಚಾಚೋದಿಲ್ಲ. ಆ ಕೈ ಯಾರ ಉಡಿಗೂ ಅಕ್ಕಿ ಹಾಕೋದಿಲ್ಲ.

ವಿಧವೆಯರ ಬಗ್ಗೆ ಮಾತಾಡುವಾಗ ನಾವು ಓದಿದವರು ತಲೆ ಬೋಳಿಸಿದ ಅಜ್ಜಿಯಂದಿರನ್ನು, ಕೆಂಪು ಸೀರೆಯನ್ನು, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ನೆನೀತೀವಿ. ಅದು ಒಂದು ಸಮಾಜದ, ಒಂದು ಕಾಲದ ಕಥೆ, ಮುಗಿದುಹೋದದ್ದು ಅಂತ ಸಮಾಧಾನ ಮಾಡಿಕೊಳ್ತೀವಿ. ನಮ್ಮ ಕಡೆಯ ಬಹುತೇಕ ಜಾತಿಗಳಲ್ಲಿ ತಲೆ ಬೋಳಿಸೋದು ಇರಲೇ ಇಲ್ಲ. ಅಷ್ಟೇ ಅಲ್ಲ, ಮರುಮದುವೆಯೂ ಇತ್ತು. ಅದಕ್ಕೆ ಉಡಕಿ ಅಂತ ಹೆಸರು. ಕೆಲವು ಕಡೆ ಸೀರುಡಿಕೆ, ಕೂಡಿಕೆ ಅಂತಾರೆ. 1856ರಲ್ಲಿ ಬ್ರಿಟಿಷರು ಹಿಂದೂ ವಿಧವಾ ವಿವಾಹ ಕಾಯ್ದೆ ತಂದರಲ್ಲ, ಅದಕ್ಕಾಗಿ ನಮ್ಮ ಹಳ್ಳಿಗಳು ಕಾದು ಕೂತಿರಲಿಲ್ಲ. (ನಮ್ಮ ಭಾಗ ಆಗ ನಿಜಾಮರ ಕೈಯಲ್ಲಿತ್ತು, ಆ ಕಾಯ್ದೆ ಇಲ್ಲಿಗೆ ಸೇರಿದ್ದೇ ಅಲ್ಲ.)

ಆದರೆ ಉಡಕಿ ಹೆಂಗ ಆಗ್ತಿತ್ತು ಅನ್ನೋದನ್ನ ನೋಡಿದರೆ ನಮ್ಮ ಉದಾರತೆಯ ಅಳತೆ ಸಿಗುತ್ತೆ. ರಾತ್ರಿ ಹೊತ್ತು. ಬಾಜಾ ಇಲ್ಲ, ಹಂದರ ಇಲ್ಲ, ಅಕ್ಷತೆ ಇಲ್ಲ. ಹೊಸ ಸೀರೆ ಉಡಿಸಿ, ಬಳೆ ಇಡಿಸಿ, ತಾಳಿ ಕಟ್ಟಿದರೆ ಮುಗೀತು. ಮುತ್ತೈದೆಯರು ಎದುರಿಗೆ ಇರಬಾರದು. ಉಡಕಿಯಾದವಳಿಗೆ ಗಂಡ ಸಿಕ್ಕ, ಮನೆ ಸಿಕ್ಕಿತು, ಬಳೆ ಕುಂಕುಮವೂ ಬಂತು. ಆದರೆ ಮೊದಲ ಮದುವೆಯ ಹೆಂಗಸರ ಸಾಲಿನಲ್ಲಿ ಉಡಿ ತುಂಬಲು ಅವಳನ್ನು ಕರೀತಿರಲಿಲ್ಲ. ಗಂಡ ಇದ್ದೂ ಅವಳು ಪೂರ್ತಿ ಮುತ್ತೈದೆ ಅಲ್ಲ. ಅಂದರೆ ಸಮಾಜಕ್ಕೆ ತೊಂದರೆ ಇದ್ದದ್ದು ಅವಳು ಇನ್ನೊಬ್ಬನ ಜೊತೆ ಬಾಳುವೆ ಮಾಡೋದರಲ್ಲಿ ಅಲ್ಲ. ಹೊಲದ ಕೆಲಸಕ್ಕೆ, ಮಕ್ಕಳನ್ನು ಸಾಕೋದಕ್ಕೆ ಅವಳು ಬೇಕೇ ಬೇಕು. ಅವಳ ಕೈ ಇನ್ನೊಬ್ಬಳ ಉಡಿಗೆ ತಗಲೋದರಲ್ಲಿ ತೊಂದರೆ ಇತ್ತು. ಈ ಹೆದರಿಕೆಯೇ ಮೂಲ, ಉಳಿದದ್ದೆಲ್ಲ ಅದರ ಮೇಲೆ ಕಟ್ಟಿದ್ದು ಅಂತ ನನಗೆ ಅನ್ನಿಸ್ತದೆ.

ಆ ದಿನ ಏನು ಮಾಡ್ತಾರೆ ಅನ್ನೋದನ್ನ ಒಂದು ಸಲ ನೇರವಾಗಿ ಬರೆದುಬಿಡ್ತೀನಿ. ಜಾತಿಯಿಂದ ಜಾತಿಗೆ, ಊರಿಂದ ಊರಿಗೆ ಫರಕು ಅದ. ನಮ್ಮ ಊರಲ್ಲಿ ನಾನು ಕಂಡ ಪ್ರಕಾರ, ಹೆಣ ಎತ್ತುವ ಮುಂಚೆ ಅವಳಿಗೆ ಮೈ ತೊಳೆಸಿ, ಹೊಸ ಸೀರೆ ಉಡಿಸಿ, ಎರಡೂ ಕೈ ತುಂಬ ಹಸಿರು ಬಳೆ ಇಡಿಸ್ತಾರೆ. ಹಣೆ ತುಂಬ ಕುಂಕುಮ, ತಲೆ ತುಂಬ ಹೂವು. 'ಕಡೀ ಸಲ ಮುತ್ತೈದಿ ಮಾಡೋದು' ಅಂತಾರೆ ಇದಕ್ಕೆ. ಮದುವೆ ದಿನ ಬಿಟ್ಟರೆ ಅವಳು ಅಷ್ಟು ಸಿಂಗಾರಗೊಂಡದ್ದು ಅವತ್ತೇ. ಗಂಡನ ಪಕ್ಕ ಕೂಡಿಸಿ, ಎಲ್ಲರೂ ನೋಡಿದ ಮೇಲೆ, ಅದನ್ನೇ ಒಂದೊಂದಾಗಿ ತೆಗೀತಾರೆ. ಎರಡೂ ಕೈಯನ್ನ ಒಂದಕ್ಕೊಂದು ಬಡಿಸಿ ಬಳೆ ಒಡೀತಾರೆ, ಒಡೆಯದೆ ಉಳಿದವನ್ನ ಕಲ್ಲಿಗೆ ತಗಲಿಸ್ತಾರೆ. ಗಾಜು ಚುಚ್ಚಿ ಮಣಿಕಟ್ಟಿನಲ್ಲಿ ರಕ್ತ ಬರುತ್ತೆ. ತಾಳಿ ಹರೀತಾರೆ, ಕಾಲುಂಗುರ ಎಳೀತಾರೆ, ಕುಂಕುಮ ಒರೆಸ್ತಾರೆ. ಇಷ್ಟನ್ನೂ ಮಾಡೋರು ಈ ಮೊದಲೇ ಗಂಡನನ್ನು ಕಳಕೊಂಡ ಹೆಂಗಸರು. ಮುತ್ತೈದೆಯರು ಆ ಹೊತ್ತಿಗೆ ಮುಖ ತಿರುಗಿಸಿ ನಿಲ್ತಾರೆ, ಇಲ್ಲಾ ಒಳಗೆ ಹೋಗ್ತಾರೆ. ಗಂಡಸರು ಹೊರಗೆ ವಿಮಾನ ಕಟ್ಟೋದರಲ್ಲಿ, ಕುಣಿ ತೋಡಿಸೋದರಲ್ಲಿ ಇರ್ತಾರೆ. ನಂತರ ಕೇಳಿದರೆ 'ಅದು ಹೆಣ್ಣುಮಕ್ಕಳ ಕೆಲಸ, ನಮಗೇನ್ ಗೊತ್ರಿ' ಅಂತಾರೆ. ಇಷ್ಟು ಸಲೀಸಾದ ಪಾರುಗಾಣಿಕೆ ಗಂಡಸರಿಗೆ ಇನ್ನೆಲ್ಲೂ ಸಿಕ್ಕಿರಲಿಕ್ಕಿಲ್ಲ.

ಇದರಲ್ಲಿ ಒಂದು ಲೆಕ್ಕ ತಪ್ಪಿದ್ದನ್ನ ಯಾರೂ ಗಮನಿಸಲ್ಲ. ಗಂಡ ಕೊಟ್ಟದ್ದನ್ನ ಗಂಡನ ಜೊತೆ ಕಳಿಸೋದು ಅಂತ ಒಂದು ತರ್ಕ ಹೇಳ್ತಾರೆ. ಸರಿ, ಒಪ್ಪೋಣ. ಹಾಗಾದರೆ ಹೋಗಬೇಕಾದದ್ದು ತಾಳಿ ಮತ್ತು ಕಾಲುಂಗುರ, ಎರಡೇ. ಬಳೆಯನ್ನ ಅವಳು ತೊಟ್ಟಿಲಲ್ಲಿದ್ದಾಗಿಂದ ಇಟ್ಟುಕೊಂಡಾಳ. ಹಣೆಗೆ ಕುಂಕುಮ ಅವಳವ್ವ ಹಚ್ಚಿದ್ದು. ಹೂವು ಶಾಲೆಗೆ ಹೋಗುವಾಗ ಮುಡಿದದ್ದು. ಪಂಚಮಿ ಜೋಕಾಲಿಗೆ ಉಟ್ಟ ಬಣ್ಣದ ಲಂಗ ಅವನು ತಂದಿದ್ದಲ್ಲ. ಮದುವೆಯ ದಿನ ಅವಳ ಹುಟ್ಟಿದಾಗಿನ ಬಣ್ಣವೆಲ್ಲ ಗಂಡನ ಹೆಸರಿಗೆ ಖಾತೆ ಬದಲಾಯಿಸಿಕೊಂಡಿದೆ, ಅವಳಿಗೆ ಗೊತ್ತೇ ಇಲ್ಲದೆ.

ಧರ್ಮ ಹೇಳುತ್ತೆ ಅನ್ನೋರಿಗೂ ನಮ್ಮ ಕಡೆ ಉತ್ತರ ಇದೆ. ಈ ಮೂರೂ ತಾಲೂಕುಗಳಲ್ಲಿ ಲಿಂಗಾಯತರು ಬಹಳ. ಹನ್ನೆರಡನೇ ಶತಮಾನದ ಶರಣರು ಸೂತಕವನ್ನೇ ಒಪ್ಪಲಿಲ್ಲ. ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು, ಐದನ್ನೂ ತೆಗೆದುಹಾಕಿದರು. ಕೊರಳಲ್ಲಿ ಇಷ್ಟಲಿಂಗ ಇದ್ದವಳು ಗಂಡ ಇರಲಿ ಇಲ್ಲದಿರಲಿ ಮಂಗಳವೇ. ಇದನ್ನು ಪ್ರವಚನದಲ್ಲಿ ಕೇಳಿ ತಲೆದೂಗಿದ ಮನೆಯಲ್ಲೇ ಮರುದಿನ ಬಳೆ ಒಡೀತಾರೆ. ಇನ್ನು ನಮ್ಮ ಓಣಿಯ ಮುಸಲ್ಮಾನರಲ್ಲಿ ಇದ್ದತ್ ಅಂತ ಇದೆ, ನಾಲ್ಕು ತಿಂಗಳು ಹತ್ತು ದಿನ. ಆ ಅವಧಿಯಲ್ಲಿ ಸಿಂಗಾರ ಇಲ್ಲ. ಮುಗಿದ ಮೇಲೆ ಅವಳು ಬಿಡುಗಡೆ, ಬೇಕಾದರೆ ಮದುವೆಯೂ ಆಗಬಹುದು. ದುಃಖಕ್ಕೆ ಒಂದು ಕೊನೇ ತಾರೀಖು ಇಟ್ಟ ವ್ಯವಸ್ಥೆ ಅದು. ಆದರೆ ಹಳ್ಳಿಯಲ್ಲಿ ಅವರ ಮನೆಗಳಲ್ಲೂ ಬಳೆ, ಕರಿಮಣಿ ತೆಗೆದರೆ ಮತ್ತೆ ಬರೋದು ಕಮ್ಮಿ. ನೆರೆಹೊರೆಯ ರೂಢಿ ಇಬ್ಬರ ಶಾಸ್ತ್ರವನ್ನೂ ಸೋಲಿಸಿದೆ.

ಎಲ್ಲಕ್ಕಿಂತ ವಿಚಿತ್ರ ಸವದತ್ತಿಯ ಎಲ್ಲಮ್ಮನದು. ಜಮದಗ್ನಿ ಸತ್ತದ್ದಕ್ಕೆ ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮ ಬಳೆ ಒಡಕೊಳ್ತಾಳೆ. ಅದಕ್ಕೆ ಜನ ರಂಡೆ ಹುಣ್ಣಿಮೆ ಅಂತಾರೆ. ಎರಡು ತಿಂಗಳಿಗೆ ಭಾರತ ಹುಣ್ಣಿಮೆ ಬರುತ್ತೆ, ಅದು ಮುತ್ತೈದೆ ಹುಣ್ಣಿಮೆ. ದೇವಿ ಮತ್ತೆ ಬಳೆ ಇಟ್ಟುಕೊಳ್ತಾಳೆ, ಭಕ್ತರೆಲ್ಲ ಸಂಭ್ರಮ ಪಡ್ತಾರೆ. ಆ ಜಾತ್ರೆಗೆ ನಮ್ಮ ಕಡೆಯಿಂದಲೂ ಬಸ್ಸು ತುಂಬಿ ಹೋಗ್ತಾವ. ಹಂಗಾರ ಬಳೆ ಒಡೆದ ಕೈಗೆ ಮತ್ತೆ ಬಳೆ ಬರಬಹುದು ಅನ್ನೋ ಕಲ್ಪನೆಯೇ ನಮ್ಮ ಜನಕ್ಕೆ ಇಲ್ಲ ಅನ್ನೋಹಂಗಿಲ್ಲ. ದೇವಿಗೆ ಎರಡು ತಿಂಗಳಲ್ಲಿ ಮುಗಿದದ್ದು ಮನುಷ್ಯಳಿಗೆ ಸಾಯೋತನಕ.

ನಾನು ಈ ವಿಷಯಕ್ಕೆ ಬಂದದ್ದು ನಮ್ಮ ಕಾಕಿಯಿಂದ. ಕಾಕಾ ತೀರಿಕೊಂಡಾಗ ಆಕೆಗೆ ಮೂವತ್ನಾಕು ವರ್ಷ, ಮಗಳಿಗೆ ಹತ್ತು. ಅಫಜಲಪುರ ತಾಲೂಕಿನ ಭೀಮಾ ದಂಡೆಯ ಊರು, ನಾಲ್ಕೆಕರೆ ತೊಗರಿ ಹೊಲ. ಹೊಲ ಮಾಡಿದಳು, ಸಂಘದ ಸಾಲ ತೀರಿಸಿದಳು, ಮಗಳನ್ನ ಡಿಗ್ರಿ ಓದಿಸಿದಳು. ಅಂಥ ಹೆಂಗಸು ಅದೇ ಮಗಳ ಮದುವೆಯಲ್ಲಿ ಅಡಿಗಿ ಮನಿಯಲ್ಲಿ ಕೂತಿದ್ದಳು. ಕನ್ಯಾದಾನಕ್ಕೆ ನಮ್ಮ ಅಪ್ಪ ಅವ್ವ ನಿಂತರು. ಯಾರೂ ಆಕೆಗೆ ಒಳಗೆ ಹೋಗು ಅಂದಿರಲಿಲ್ಲ, ಅದು ಮುಖ್ಯ. ಆಕೆ ತಾನೇ ಹೋಗಿದ್ದಳು.

ಇಲ್ಲಿಯೇ ನಿಜವಾದ ಪ್ರಶ್ನೆ ಇರೋದು. 'ಅವರಿಗೇ ಬೇಡ ಅಂದ್ರೆ ನಾವ್ಯಾಕೆ ಒತ್ತಾಯ ಮಾಡಬೇಕು?' ಅಂತ ನಮ್ಮ ವಯಸ್ಸಿನವರು ಕೇಳ್ತಾರೆ. ಆಯ್ಕೆಯನ್ನ ಗೌರವಿಸಬೇಕು ಅನ್ನೋದು ನಮ್ಮ ತಲೆಮಾರಿನ ಮಂತ್ರ. ಆದರೆ ಆಯ್ಕೆ ಅನ್ನಬೇಕಾದರೆ ಎರಡೂ ಕಡೆ ದಾರಿ ಇರಬೇಕು, ಯಾವ ಕಡೆ ಹೋದರೂ ದಂಡ ಬೀಳಬಾರದು. ಕಾಕಿ ಹೊರಗೆ ಬಂದು ನಿಂತಿದ್ದರೆ, ಮುಂದೆ ಮಗಳ ಸಂಸಾರದಲ್ಲಿ ಏನು ಕೆಟ್ಟದ್ದಾದರೂ ಅದಕ್ಕೆ ಕಾರಣ ಆಕೆಯ ನೆರಳು ಅಂತಾಗ್ತಿತ್ತು. ಗರ್ಭ ಇಳಿದರೆ ಆಕೆಯಿಂದ, ಅಳಿಯನ ಗಾಡಿ ಬಿದ್ದರೆ ಆಕೆಯಿಂದ. ಒಳಗೆ ಕೂತರೆ ಬೆಲೆ ತೆರೋಳು ತಾನು ಒಬ್ಬಳೇ. ಹೊರಗೆ ಬಂದರೆ ಮಗಳ ತಲೆ ಮೇಲೆ ಸಾಲ. ಯಾವ ತಾಯಿ ಏನು ಆರಿಸ್ತಾಳೆ ಅಂತ ಹೇಳೋಕೆ ದೊಡ್ಡ ತತ್ವಶಾಸ್ತ್ರ ಬೇಕಾಗಿಲ್ಲ.

ಇನ್ನು ಎದುರಿನವರ ಲೆಕ್ಕ. ಬೀಗರು ಹೇಳ್ತಾರೆ, 'ನಾವೇನೂ ನಂಬಲ್ಲ ಬಿಡ್ರಿ, ಆದ್ರ ಶುಭ ಕಾರ್ಯದಾಗ ಯಾಕ ಸುಮ್ನ?' ಈ 'ಯಾಕ ಸುಮ್ನ' ಅನ್ನೋ ಎರಡು ಪದ ನಂಬಿಕೆಗಿಂತ ಗಟ್ಟಿ. ನಂಬೋನ ಜೊತೆ ವಾದ ಮಾಡಬಹುದು. ಇವರು ವಿಮೆ ಮಾಡಿಸ್ತಾ ಇದ್ದಾರೆ, ಕಂತು ಮಾತ್ರ ಬೇರೆಯವಳು ಕಟ್ಟಬೇಕು. ತನ್ನ ಜೇಬಿನಿಂದ ಹೋಗದ ಎಚ್ಚರಿಕೆಯನ್ನ ಯಾರೂ ಬೇಡ ಅನ್ನಲ್ಲ.

ಆದರೂ ಆ ವಿಮೆ ಕೆಲಸ ಮಾಡುತ್ತಾ ಅಂತ ನೋಡಬಹುದಲ್ಲ. ಕಾಕಿಯ ಮದುವೆಯಲ್ಲಿ ಆಕೆಯ ಉಡಿ ತುಂಬಿದವರು ಐದು ಮಂದಿ ಪಕ್ಕಾ ಮುತ್ತೈದೆಯರು. ಕುಬಸದಲ್ಲಿ ಮತ್ತೆ ಐದು ಮಂದಿ. ಒಬ್ಬ ವಿಧವೆಯ ಕೈಯೂ ತಗಲದಂತೆ ಕಾದಿದ್ದರು. ಕಾಕಾ ಸತ್ತೇಹೋದ. ಊರಲ್ಲಿರೋ ಪ್ರತಿಯೊಬ್ಬ ವಿಧವೆಯ ಕಥೆಯೂ ಇದೇ, ಎಲ್ಲರಿಗೂ ಉಡಿ ತುಂಬಿದ್ದು ಮುತ್ತೈದೆಯರೇ. ಆ ಐವರನ್ನ ಯಾರೂ ಇಲ್ಲಿಯವರೆಗೆ ಕರೆದು 'ನಿಮ್ಮ ಕೈಗುಣ ಸರಿ ಇಲ್ಲ' ಅಂದಿಲ್ಲ. ಪರೀಕ್ಷೆಯಲ್ಲಿ ಇಷ್ಟು ಸಲ ಫೇಲಾದ ಕೋಡನ್ನ ನಾವು ಕಚೇರಿಯಲ್ಲಿ ಒಂದು ದಿನ ಇಟ್ಟುಕೊಳ್ಳಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ ತಂಗಿಯ ಕುಬಸ ಬಂತು. ಏಳು ತಿಂಗಳು, ತವರಿನ ಹಸಿರು ಸೀರೆ, ಹಸಿರು ಬಳೆ. ಮಣೆ ಮೇಲೆ ಕೂಡೋ ಹೊತ್ತಿಗೆ ಅವಳು ಕೂಡಲಿಲ್ಲ. 'ಮೊದಲ ಅವ್ವ ತುಂಬ್ಲಿ, ಆಮ್ಯಾಗ ನೀವೆಲ್ಲಾ' ಅಂದಳು. ಜಗಳ ಇಲ್ಲ, ಭಾಷಣ ಇಲ್ಲ. ಏಳು ತಿಂಗಳ ಬಸುರಿ ನಿಂತೇ ಇದ್ದರೆ ಯಾರು ಎಷ್ಟು ಹೊತ್ತು ವಾದ ಮಾಡ್ತಾರೆ? ಅವಳ ಅತ್ತಿ ನಮ್ಮ ಅವ್ವನ ಮುಖ ನೋಡಿದರು. ಅವ್ವ ಒಂದು ಗಳಿಗೆ ಸುಮ್ಮನಿದ್ದು, 'ವೈನಿ ಅಲ್ಲ, ತಾಯಿ ಆಕಿ, ತುಂಬ್ಲಿ ಬಿಡ್ರಿ' ಅಂದಳು.

ಬಲವಾಗಿ ವಿರೋಧಿಸಿದ್ದು ಬೀಗರಲ್ಲ, ನಮ್ಮ ಆಯಿ. ಮುತ್ಯಾ ಸತ್ತು ನಲವತ್ತು ವರ್ಷ ಆಗಿತ್ತು. ಕಾಕಿಯ ಕೈಯ ಬಳೆ ಒಡೆದವರಲ್ಲಿ ಆಯಿಯೂ ಒಬ್ಬಳು. 'ಇದೆಲ್ಲಾ ಬ್ಯಾಡ. ನಾ ಮಾಡ್ಲಿಲ್ಲೇನು, ನಾ ಸಹಿಸ್ಲಿಲ್ಲೇನು?' ಅಂತ ಕೂಗಾಡಿದಳು. ಆಗ ಎಲ್ಲರೂ ಮುದುಕಿಯ ಮೂಢನಂಬಿಕೆ ಅಂದುಕೊಂಡರು. ನನಗೆ ಹಾಗೆ ಕೇಳಿಸಲಿಲ್ಲ. ಇವತ್ತು ಸೊಸೆ ಉಡಿ ತುಂಬಿ, ಮಗುವಿಗೂ ಏನೂ ಆಗದಿದ್ದರೆ, ತಾನು ನಲವತ್ತು ವರ್ಷ ಬಿಟ್ಟದ್ದೆಲ್ಲ ಯಾತಕ್ಕೆ ಅನ್ನೋ ಲೆಕ್ಕ ಆಯಿಯ ಮುಂದೆ ಬಂದು ನಿಲ್ಲುತ್ತೆ. ಪ್ರತಿ ಮದುವೆಯಲ್ಲಿ ಹಿಂದೆ ಸರಿದದ್ದು, ಪ್ರತಿ ಎಳ್ಳಮಾಸಿಗೆ ಚರಗದ ಬುಟ್ಟಿ ಬೇರೆಯವರ ತಲೆ ಮೇಲೆ ಇಟ್ಟದ್ದು. ಆ ರೂಢಿ ಸುಳ್ಳು ಅಂತಾದರೆ ಕಳಕೊಂಡದ್ದನ್ನ ವಾಪಸ್ ಕೊಡೋರು ಯಾರು? ಹಳೆಯ ವಿಧವೆಯರು ಹೊಸ ವಿಧವೆಯರ ಮೇಲೆ ಕಠಿಣ ಆಗಿರ್ತಾರೆ ಅಂತ ದೂರೋರು ಇದನ್ನ ಒಂಚೂರು ಯೋಚನೆ ಮಾಡಬೇಕು. ಬದಲಾವಣೆಯ ಖರ್ಚು ಎಲ್ಲರಿಗೂ ಒಂದೇ ಸಮ ಬೀಳಲ್ಲ. ನನಗೆ ಅದು ಪುಕ್ಕಟೆ. ಆಯಿಗೆ ಅಲ್ಲ.

ಕಾಕಿ ತುಂಬಿದಳು, ಕೈ ನಡುಗಿ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಮಗು ಈಗ ಅಂಗನವಾಡಿಗೆ ಹೋಗ್ತದ. (ಮಗು ಚೆನ್ನಾಗಿರೋದನ್ನ ಪುರಾವೆ ಅಂತ ನಾನು ಹೇಳಬಾರದು. ಒಳ್ಳೆಯದಾದರೆ ನಮ್ಮ ಕಡೆ, ಕೆಟ್ಟದ್ದಾದರೆ ಅವರ ಕಡೆ ಅನ್ನೋ ಆಟಕ್ಕೆ ಇಳಿದರೆ ಒಂದಲ್ಲ ಒಂದು ದಿನ ಸೋಲು ಗ್ಯಾರಂಟಿ.)

ಮಹಾರಾಷ್ಟ್ರದ ಹೇರವಾಡದ ಸುದ್ದಿ ನಿಮಗೆ ನೆನಪಿರಬಹುದು. ಬೆಳಗಾವಿ ಜಿಲ್ಲೆಯ ಗಡಿಗೆ ಅಂಟಿಕೊಂಡಿರೋ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಊರು ಅದು. ಶಾಹು ಮಹಾರಾಜರು ತೀರಿಕೊಂಡು ನೂರು ವರ್ಷ ಆದ ಹೊತ್ತಿಗೆ, 2022ರ ಮೇ ತಿಂಗಳಲ್ಲಿ, ಅಲ್ಲಿನ ಗ್ರಾಮಸಭೆ ಒಂದು ಠರಾವು ಮಾಡಿತು. ಊರಲ್ಲಿ ಇನ್ನು ಮುಂದೆ ಗಂಡ ಸತ್ತವಳ ಕುಂಕುಮ ಒರೆಸೋದು, ಬಳೆ ಒಡೆಯೋದು, ಮಂಗಳಸೂತ್ರ ಹರಿಯೋದು, ಕಾಲುಂಗುರ ತೆಗೆಯೋದು ಬಂದ್. ಕೊರೊನಾದಲ್ಲಿ ಚಿಕ್ಕ ವಯಸ್ಸಿನ ಗಂಡಸರು ಸತ್ತು, ಮನೆಮನೆಯಲ್ಲಿ ಇದನ್ನ ನೋಡಿ ನೋಡಿ ಊರಿಗೆ ಸಾಕಾಗಿತ್ತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳೂ ಹೇರವಾಡದ ದಾರಿ ಹಿಡೀಲಿ ಅಂತ ಸುತ್ತೋಲೆ ಹೊರಡಿಸಿತು.

ಠರಾವಿನಲ್ಲಿ ದಂಡ ಇಲ್ಲ, ಜೈಲು ಇಲ್ಲ ಅಂತ ನಗೋರಿದ್ದಾರೆ. ನನ್ನ ಪ್ರಕಾರ ಅದರ ಉಪಯೋಗ ಬೇರೆ. ಬಳೆ ಒಡೆಯೋ ಹೊತ್ತು ಅಂದರೆ ಸಾವಾದ ಮೂರು ನಾಲ್ಕು ತಾಸಿನ ಒಳಗೆ. ಆಕೆಗೆ ಆಗ ಬೇಕು ಬೇಡ ಅನ್ನೋ ಶಕ್ತಿ ಇರಲ್ಲ. ಕೇಳಿದರೆ ತಾನೆ ಹೇಳೋದು, ಯಾರೂ ಕೇಳಲ್ಲ. ತಡೆಯಬೇಕು ಅಂತಿರೋ ಅಣ್ಣನೋ ಮಗನೋ ಬಾಯಿ ತೆಗೆದರೆ 'ಹೆಣ ಮುಂದಿಟ್ಟಕೊಂಡು ಜಗಳ ತೆಗೀತಿ' ಅನ್ನಿಸಿಕೊಳ್ತಾನೆ. ಊರು ಮೊದಲೇ ತೀರ್ಮಾನ ಮಾಡಿದ್ದರೆ ಅವನಿಗೆ ಒಂದು ವಾಕ್ಯ ಸಿಗುತ್ತೆ: ನಾನಲ್ಲ, ಊರು ಬ್ಯಾಡ ಅಂದದ. ಸುಮ್ಮನಿದ್ದರೆ ಏನಾಗುತ್ತೆ ಅನ್ನೋದನ್ನ ಠರಾವು ಬದಲಾಯಿಸುತ್ತೆ. ಮೊದಲು ಸುಮ್ಮನಿದ್ದರೆ ಬಳೆ ಒಡೀತಿತ್ತು, ಈಗ ಸುಮ್ಮನಿದ್ದರೆ ಬಳೆ ಉಳಿಯುತ್ತೆ.

ಆದರೆ ಅದರ ಕೈ ಅಲ್ಲಿಗೇ ನಿಲ್ಲುತ್ತೆ. ಒಡೆಯೋದನ್ನ ಪಂಚಾಯತಿ ನಿಲ್ಲಿಸಬಹುದು. 'ಬಾ, ನನ್ನ ಮಗಳ ಉಡಿ ತುಂಬು' ಅಂತ ಕರೆಯೋದನ್ನ ಯಾವ ಸಭೆಯೂ ಠರಾವು ಮಾಡಲಾರದು. ಬಳೆ ಉಳಿಸಿಕೊಂಡವಳು ಕರೆ ಇಲ್ಲದೆ ಮನೆಯಲ್ಲೇ ಕೂತರೆ, ಸಿಕ್ಕಿದ್ದು ಅರ್ಧ. ನಮ್ಮ ಮೂರು ತಾಲೂಕುಗಳಲ್ಲಿ ಈಗ ಕಾಣ್ತಿರೋದೂ ಈ ಅರ್ಧವೇ. ಬಿಳಿ ಸೀರೆ ಹೋಗಿದೆ, ಬಣ್ಣದ ಸೀರೆ ಬಂದಿದೆ. ಗಾಜಿನ ಬಳೆ ಇಲ್ಲ, ಆದರೆ ಒಂದೊಂದು ಬಂಗಾರದ ಬಳೆಗೆ ಯಾರೂ ಏನೂ ಅನ್ನಲ್ಲ. ಕುಂಕುಮ ಇಲ್ಲ, ಸಣ್ಣ ಕರಿ ಟಿಕಳಿ ನಡೀತದ. ಅನುಕಂಪದ ನೌಕರಿ ಮೇಲೆ ಜೇವರ್ಗಿಗೆ ಹೋಗಿಬರೋ ನನ್ನ ಸ್ನೇಹಿತನ ಅಕ್ಕ ಬಸ್ಸು ಹತ್ತಿದ ಮೇಲೆ ಟಿಕಳಿ ಹಚ್ಕೊಳ್ತಾಳೆ, ಸಂಜೆ ಊರ ಕ್ರಾಸ್ ಬರೋ ಮುಂಚೆ ತೆಗೆದು ಮೊಬೈಲಿನ ಹಿಂದೆ ಅಂಟಿಸ್ತಾಳೆ. ಮೂರು ವರ್ಷದಿಂದ. ಊರಿನ ಎಷ್ಟು ಜನಕ್ಕೆ ಗೊತ್ತಿಲ್ಲ ಅಂತೀರಿ? ಎಲ್ಲರಿಗೂ ಗೊತ್ತು. ಗೊತ್ತಿಲ್ಲದಂತೆ ಇರೋದೇ ಊರು ಸದ್ಯಕ್ಕೆ ಅವಳಿಗೆ ಕೊಟ್ಟಿರೋ ರಿಯಾಯಿತಿ. ಇದನ್ನ ಕಪಟ ಅಂತ ಜರಿಯೋಕೆ ನನಗೆ ಮನಸ್ಸಿಲ್ಲ. ಉತ್ತರ ಕರ್ನಾಟಕದ ಕೆಲವು ಮಠಗಳಲ್ಲಿ ಸ್ವಾಮಿಗಳೇ ನಿಂತು ವಿಧವೆಯರಿಗೆ ಉಡಿ ತುಂಬಿಸಿದ ಫೋಟೊಗಳು ಪೇಪರಿನಲ್ಲಿ ಬರ್ತಾವ, ಒಳ್ಳೆಯದೇ. ಆದರೆ ವೇದಿಕೆ ಮೇಲೆ ತುಂಬಿಸಿಕೊಂಡು ಬಂದವಳನ್ನ ಮರುವಾರ ಪಕ್ಕದ ಮನೆಯ ಕುಬಸಕ್ಕೆ ಕರೆದರಾ? ನಾನಂತೂ ಆ ಫೋಟೊ ಕಾಯ್ತಿದ್ದೀನಿ.

ಹೇರವಾಡದ ಠರಾವಿಗೆ ಹಿಂದೆ ಇನ್ನೊಬ್ಬರಿದ್ದರು, ಸೊಲ್ಲಾಪುರ ಜಿಲ್ಲೆಯ ಕರಮಾಳಾದ ಪ್ರಮೋದ್ ಝಿಂಜಾಡೆ. ಸೊಲ್ಲಾಪುರ ನಮ್ಮ ಆಳಂದ, ಅಫಜಲಪುರಕ್ಕೆ ತಗಲಿಕೊಂಡ ಜಿಲ್ಲೆ. ತಾನು ಸತ್ತರೆ ತನ್ನ ಹೆಂಡತಿಗೆ ಈ ಪದ್ಧತಿಗಳನ್ನ ಮಾಡಬಾರದು ಅಂತ ಅವರು ಪ್ರಮಾಣಪತ್ರ ಬರೆದಿಟ್ಟರು, ಬೇರೆ ಗಂಡಸರಿಗೂ ಬರೆಯಲು ಹೇಳಿದರು. ಜಾಣ ಉಪಾಯ. ಸತ್ತವನ ಕಡೀ ಮಾತು ಮೀರಬಾರದು ಅನ್ನೋದೂ ನಮ್ಮ ಜನರ ಗಟ್ಟಿ ನಂಬಿಕೆಯೇ. ಒಂದು ನಂಬಿಕೆಯನ್ನ ಇನ್ನೊಂದರ ಮೇಲೆ ಬಿಟ್ಟಂಗೆ. ಅದರಲ್ಲಿ ಒಂದು ಮುಜುಗರ ಇದೆ, ಹೆಂಡತಿಯ ಹಣೆಯ ಬಣ್ಣಕ್ಕೆ ಗಂಡನ ಪರವಾನಗಿಯೇ ಬೇಕಾಯಿತಲ್ಲ ಅಂತ. ಆದರೂ ಆ ಮೂರು ತಾಸಿನಲ್ಲಿ ಕೆಲಸಕ್ಕೆ ಬರೋದು ಅದೇ. ಹೋದ ದೀಪಾವಳಿಗೆ ಊರಿಗೆ ಹೋದಾಗ ನಾನೂ ಒಂದು ಬರೆದೆ, ಕನ್ನಡದಲ್ಲಿ, ಅರ್ಧ ಪುಟ. ಅಪ್ಪ ಓದಿ, 'ಹಬ್ಬದ ದಿನ ಇಂಥಾದ್ದು ಬರೀಬ್ಯಾಡೋ' ಅಂತ ಬೈದ. ನನ್ನ ಹೆಂಡತಿ ಓದಿ, ಕೆಳಗೆ ಒಂದು ಸಾಲು ಸೇರಿಸಲು ಹೇಳಿದಳು: ಕುಬಸ, ಮದುವೆ, ಪಂಚಮಿಗೆ ಈಕೆಯನ್ನ ಕರೆಯಬೇಕು. ಅದನ್ನ ಯಾರ ಹೆಸರಿಗೆ ಬರೆಯೋದು ಅಂತ ಕೇಳಿದೆ. ಓಣಿಯಲ್ಲಿರೋ ಮನೆಗಳನ್ನ ಒಂದೊಂದಾಗಿ ಹೇಳ್ತಾ ಹೋದಳು.